503ರಲ್ಲಿ 278 ಕಳೆಯಲು ಇಬ್ಬರು ಟೀಚರ್: ನಾವು ಮಾಡಿ ನೋಡಿದ ಮೂರು ವಿಧಾನ

ಮೊದಲೇ ಹೇಳಿಬಿಡುತ್ತೇನೆ. ಒಂದು ತರಗತಿಗೆ ಇಬ್ಬರು ಟೀಚರ್ ಇದ್ದರೆ, ಒಬ್ಬರು ಪಾಠ ಮಾಡಬೇಕು, ಇನ್ನೊಬ್ಬರು ಪುಸ್ತಕ ಹಿಡಿದು ಸುಮ್ನೆ ನೋಡಬೇಕು. ಕೊನೆಯ ಕಾಲು ಗಂಟೆಯಲ್ಲಿ, ನೋಡಿದವರು ಎಡವಿದ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕಲಿಸಬೇಕು. ಉಳಿದ ಎರಡು ವಿಧಾನ ಕೆಟ್ಟವೇನಲ್ಲ, ಆದರೆ ಗಣಿತಕ್ಕೆ ನನ್ನ ಓಟು ಇದಕ್ಕೇ.

ನಮ್ಮದು ಕಾಸರಗೋಡಿನ ಕನ್ನಡ ಮಾಧ್ಯಮದ ಎಲ್.ಪಿ. ಶಾಲೆ. ಹಳೆ ಕಟ್ಟಡದ ಒಂದು ಭಾಗ ಕೂರಲು ಯೋಗ್ಯವಲ್ಲ ಎಂದಾದಾಗ ನಾಲ್ಕನೇ ತರಗತಿಯ ಎರಡು ಡಿವಿಷನ್ ಒಂದೇ ಉದ್ದ ಹಾಲಿಗೆ ಬಂದವು. ಒಂದು ನನ್ನದು, ಇನ್ನೊಂದು ಮಾಷ್ಟ್ರದ್ದು. ಮನೆಯಲ್ಲಿ ತುಳು ಆಡುವವರು, ಮಲಯಾಳ ಆಡುವವರು, ಬ್ಯಾರಿ, ಮರಾಠಿ, ಕೊಂಕಣಿ, ಎಲ್ಲರೂ ಇದ್ದಾರೆ. ಹೆಡ್‌ಮಾಷ್ಟ್ರು "ಇಬ್ಬರೂ ಒಟ್ಟಿಗೆ ಸುಧಾರಿಸಿಕೊಳ್ಳಿ" ಅಂದರು. ಸುಧಾರಿಸುವುದು ಹೇಗೆ ಅಂತ ಹೇಳಲಿಲ್ಲ.

ಇಬ್ಬರು ಸೇರಿ ಕಲಿಸುವ ವಿಧಾನಗಳನ್ನು 1995ರಲ್ಲಿ ಲಿನ್ ಕುಕ್ ಮತ್ತು ಮೆರಿಲಿನ್ ಫ್ರೆಂಡ್ ಎಂಬ ಅಮೆರಿಕದ ಇಬ್ಬರು ವಿಂಗಡಿಸಿ ಬರೆದಿದ್ದರು. ಅಲ್ಲಿ ಅದು ವಿಶೇಷ ಶಿಕ್ಷಕರೂ ಸಾಮಾನ್ಯ ಶಿಕ್ಷಕರೂ ಒಂದೇ ತರಗತಿಯಲ್ಲಿ ಕಲಿಸುವಾಗಿನ ಮಾತು. ನಮ್ಮ ಸ್ಥಿತಿ ಬೇರೆ, ಆದರೂ ಅಂಥ ವಿಧಾನಗಳಲ್ಲಿ ಮೂರನ್ನು ಎತ್ತಿಕೊಂಡು ಒಂದೇ ಪಾಠದಲ್ಲಿ ನೋಡಿದೆವು: ನಡುವೆ ಸೊನ್ನೆ ಇರುವ ಮೂರಂಕಿಯ ವ್ಯವಕಲನ.

ಒಬ್ಬರು ಪಾಠ ಮಾಡುವುದು, ಇನ್ನೊಬ್ಬರು ಬೆಂಚಿನ ನಡುವೆ ತಿರುಗುತ್ತಾ ಸಹಾಯ ಮಾಡುವುದು ಎಂಬ ಒಂದು ವಿಧಾನವೂ ಇದೆ. ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ. ತಿರುಗುವವರು ಬೇಗ ಜವಾನರಾಗಿಬಿಡುತ್ತಾರೆ.

ತಟ್ಟಿಯ ಆಚೆ, ತಟ್ಟಿಯ ಈಚೆ

ಹಾಲಿನ ನಡುವೆ ಒಂದು ಬಿದಿರ ತಟ್ಟಿ. ಅರ್ಧ ಮಕ್ಕಳು ಮಾಷ್ಟ್ರಿಗೆ, ಅರ್ಧ ನನಗೆ. ಇಬ್ಬರೂ ಒಂದೇ ಪಾಠ, ಒಂದೇ ಹೊತ್ತಿಗೆ. ಮಕ್ಕಳ ಸಂಖ್ಯೆ ಕಡಿಮೆಯಾಗುವುದರಿಂದ ಎಲ್ಲರಿಗೂ ಬಾಯಿ ಬಿಡಲು ಅವಕಾಶ ಸಿಗುತ್ತದೆ. ಡಿವಿಷನ್ ಬೆರೆಸಿ ಹಂಚಿದ್ದರಿಂದ 'ನಮ್ಮ ಟೀಚರ್, ನಿಮ್ಮ ಮಾಷ್ಟ್ರು' ಎಂಬ ಜಗಳವೂ ಕಡಿಮೆಯಾಯಿತು.

ಗದ್ದಲ ಇತ್ತು. ಬಿದಿರ ತಟ್ಟಿ ಕಣ್ಣಿಗೆ ಅಡ್ಡ, ಕಿವಿಗಲ್ಲ. ಆದರೆ ನಿಜವಾದ ತಲೆನೋವು ಅದಲ್ಲ. ಆಚೆಯ ಅರ್ಧ ಒಂದು ಕ್ರಮದಲ್ಲಿ ಲೆಕ್ಕ ಕಲಿಯಿತು, ಈಚೆಯ ಅರ್ಧ ಇನ್ನೊಂದು ಕ್ರಮದಲ್ಲಿ.

503 - 278 ಲೆಕ್ಕವನ್ನೇ ನೋಡಿ. ನಾನು ಕಲಿಸಿದ್ದು ಕಟ್ಟು ಬಿಡಿಸುವ ಕ್ರಮ. ಬಿಡಿ 3ರಲ್ಲಿ 8 ಹೋಗುವುದಿಲ್ಲ, ಹತ್ತರ ಕಟ್ಟು ಒಂದೂ ಇಲ್ಲ. ಆದ್ದರಿಂದ ನೂರರ ಒಂದು ಕಟ್ಟು ಬಿಡಿಸಿದರೆ ಹತ್ತರ 10 ಕಟ್ಟು. ಅದರಲ್ಲಿ ಒಂದನ್ನು ಬಿಡಿಸಿದರೆ 10 ಬಿಡಿ. ಈಗ ನೂರು 4, ಹತ್ತು 9, ಬಿಡಿ 13. ಕಳೆದರೆ 225.

ಮಾಷ್ಟ್ರದ್ದು ಹಳೆ ಕ್ರಮ, ಅವರು ಸಣ್ಣವರಿದ್ದಾಗ ಕಲಿತದ್ದು. ಮೇಲೆ ಹತ್ತು ಕೂಡಿಸಿದರೆ ಕೆಳಗೂ ಹತ್ತು ಕೂಡಿಸಬೇಕು. 13ರಲ್ಲಿ 8 ಹೋದರೆ 5. ಕೆಳಗಿನ 7 ಈಗ 8. ಮೇಲಿನ ಸೊನ್ನೆ 10 ಆಗಿ, ಅದರಲ್ಲಿ 8 ಹೋದರೆ 2. ಕೆಳಗಿನ 2 ಈಗ 3. 5ರಲ್ಲಿ 3 ಹೋದರೆ 2. ಅದೂ 225.

ಎರಡೂ ಸರಿ. ಎರಡನೆಯದು ಸೊನ್ನೆ ಬಂದಾಗ ಕೈಗೆ ಸಲೀಸು ಕೂಡ. ಆದರೆ ಮರುದಿನ ಎಲ್ಲ ಮಕ್ಕಳನ್ನು ಒಟ್ಟಿಗೆ ಕೂರಿಸಿ ಬೋರ್ಡಿನಲ್ಲಿ ಲೆಕ್ಕ ಬಿಡಿಸಿದಾಗ ಅರ್ಧ ತರಗತಿ ಮೇಲಿನ ಅಂಕಿಯನ್ನು ಹೊಡೆಯಿತು, ಉಳಿದರ್ಧ ಕೆಳಗಿನ ಅಂಕಿಯನ್ನು. ಅಕ್ಕಪಕ್ಕ ಕೂತವರು ಒಬ್ಬರದ್ದೊಬ್ಬರು ನೋಡಿಕೊಂಡು ಎರಡೂ ಕಡೆ ಹೊಡೆದರು. ಮೇಲಿನ 5 ಅನ್ನು 4 ಮಾಡಿ, ಕೆಳಗಿನ 2 ಅನ್ನು 3 ಮಾಡಿದರೆ ನೂರರ ಜಾಗದಲ್ಲಿ 1 ಉಳಿಯುತ್ತದೆ. 125 ಎಂಬ ಉತ್ತರ ಸಾಲುಸಾಲಾಗಿ ಬಂತು. "ಟೀಚರೇ, ಮಾಷ್ಟ್ರು ಹೀಗೆ ಹೇಳಿದ್ದು" ಅಂತ ಮಕ್ಕಳು ಸಾಕ್ಷಿ ಬೇರೆ ಹೇಳಿದರು.

ಈ ವಿಧಾನದಲ್ಲಿ ಯಾವ ಪಾಠ ಎಂದು ಮಾತಾಡಿಕೊಂಡರೆ ಸಾಲದು. ಯಾವ ಕ್ರಮ, ಬೋರ್ಡಿನಲ್ಲಿ ಯಾವ ಅಂಕಿಯನ್ನು ಹೊಡೆಯುವುದು, ಯಾವ ಲೆಕ್ಕ ಉದಾಹರಣೆಗೆ, ಎಲ್ಲವೂ ಮೊದಲೇ ತೀರ್ಮಾನವಾಗಬೇಕು. ಅಷ್ಟು ಹೊತ್ತು ಕೂತು ಯೋಜನೆ ಹಾಕುವ ಪುರುಸೊತ್ತು ನಮಗಿಬ್ಬರಿಗೂ ಇಲ್ಲ. ಗಟ್ಟಿಯಾಗಿ ಓದಿಸುವುದಕ್ಕೆ, ಉಕ್ತಲೇಖನಕ್ಕೆ ಮಾತ್ರ ಈಗಲೂ ತಟ್ಟಿ ಎಳೆದುಕೊಳ್ಳುತ್ತೇವೆ.

ಮೂರು ಮೂಲೆ

ಮಕ್ಕಳು ಮೂರು ಗುಂಪು. ಒಂದು ಮೂಲೆಯಲ್ಲಿ ನಾನು, ಒಂದರಲ್ಲಿ ಮಾಷ್ಟ್ರು, ಮೂರನೆಯದರಲ್ಲಿ ಮಕ್ಕಳೇ. ಹನ್ನೆರಡು ನಿಮಿಷಕ್ಕೊಮ್ಮೆ ಗುಂಪು ಜಾಗ ಬದಲಿಸಬೇಕು. ನೋಡಲು ಬಹಳ ಚಂದ, ಯಾರಾದರೂ ಶಾಲೆಗೆ ಬಂದಾಗ ತೋರಿಸಲು ಇದಕ್ಕಿಂತ ಒಳ್ಳೆಯದಿಲ್ಲ.

ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಮೂರು ಸಲ ಹನ್ನೆರಡು ಅಂದರೆ ಮೂವತ್ತಾರು. ಏಳುವುದಕ್ಕೆ, ಪೆನ್ಸಿಲ್ ಹುಡುಕುವುದಕ್ಕೆ ಉಳಿದದ್ದು ನಾಲ್ಕೇ ನಿಮಿಷ. ಅದಕ್ಕಿಂತ ದೊಡ್ಡ ತೊಡಕು ಅನುಕ್ರಮದ್ದು. ಒಂದು ಗುಂಪು ಕಡ್ಡಿಯ ಕಟ್ಟು ಬಿಡಿಸುವ ಮೂಲೆಯಿಂದ ಶುರು ಮಾಡುತ್ತದೆ, ಇನ್ನೊಂದು ಗುಂಪು ಬರೆಯುವ ಮೂಲೆಯಿಂದ. ಕಡ್ಡಿ ನೋಡದೆ ಬರೆಯಲು ಕೂತವರಿಗೆ ಸೊನ್ನೆ ಯಾಕೆ ಒಂಬತ್ತಾಯಿತೆಂದು ಹೇಗೆ ಗೊತ್ತಾಗಬೇಕು? ಒಂದರ ಮೇಲೊಂದು ನಿಲ್ಲುವ ಪಾಠಕ್ಕೆ ಇದು ಒಗ್ಗುವುದಿಲ್ಲ. ಉದ್ದ, ತೂಕ, ಗಡಿಯಾರದಂಥ ಪುನರಾವರ್ತನೆಗೆ ಒಗ್ಗುತ್ತದೆ.

ಒಬ್ಬರು ಪಾಠ, ಒಬ್ಬರು ನೋಟ

ಈಗ ನಮ್ಮ ಪೀರಿಯಡ್ ಹೀಗೆ. ಮೊದಲ ಹದಿನೈದು ನಿಮಿಷ ಒಬ್ಬರ ಪಾಠ. ಇನ್ನೊಬ್ಬರು ಹಿಂದೆ ಕೂರುತ್ತಾರೆ, ಮಾತಾಡುವಂತಿಲ್ಲ, ಪಾಠ ತಿದ್ದುವಂತಿಲ್ಲ. ನಂತರ ಹತ್ತು ನಿಮಿಷ ಮಕ್ಕಳು ಎರಡು ಲೆಕ್ಕ ಮಾಡುತ್ತಾರೆ. ಆಗ ಇಬ್ಬರೂ ನೋಡುತ್ತೇವೆ. ಕೊನೆಗೆ ಐದಾರು ಮಕ್ಕಳು ನೋಡಿದವರ ಹತ್ತಿರ, ಉಳಿದವರು ಪಾಠ ಮಾಡಿದವರ ಬಳಿ ಅಭ್ಯಾಸಕ್ಕೆ. ಆ ಹೊತ್ತಲ್ಲಿ ದೊಡ್ಡ ಗುಂಪಿಗೆ ಹೊಸದೇನನ್ನೂ ಕಲಿಸಬಾರದು. ಕಲಿಸಿದರೆ ಈ ಐದಾರು ಮಂದಿ ಇನ್ನಷ್ಟು ಹಿಂದೆ ಬೀಳುತ್ತಾರೆ.

ಇಬ್ಬರೂ ಒಟ್ಟಿಗೆ ನೋಡುವ ಹತ್ತು ನಿಮಿಷವೇ ಇದರ ಜೀವಾಳ. ಎಲ್ಲರನ್ನೂ ನೋಡಲು ಹೋಗುವುದಿಲ್ಲ. ಆ ದಿನಕ್ಕೆ ನಾಲ್ಕು ಮಕ್ಕಳನ್ನು ಮೊದಲೇ ಆರಿಸಿರುತ್ತೇವೆ. ಇಬ್ಬರೂ ಅದೇ ನಾಲ್ವರನ್ನು ನೋಡಿ ಬೇರೆ ಬೇರೆ ಬರೆದುಕೊಳ್ಳುತ್ತೇವೆ, ಊಟದ ಹೊತ್ತಿಗೆ ಎರಡೂ ಪುಸ್ತಕ ಪಕ್ಕಪಕ್ಕ ಇಡುತ್ತೇವೆ. ಶುರುವಿನಲ್ಲಿ ಒಂದು ಪುಸ್ತಕದಲ್ಲಿ 'ಗಮನವಿಲ್ಲ', ಇನ್ನೊಂದರಲ್ಲಿ 'ಪರವಾಗಿಲ್ಲ' ಅಂತ ಇತ್ತು. ಹುಡುಗ ಒಬ್ಬನೇ! ಅಂಥ ಷರಾ ಏನಕ್ಕೂ ಬರುವುದಿಲ್ಲ. ಆಮೇಲೆ ನಿಯಮ ಮಾಡಿಕೊಂಡೆವು: ಮಗು ಬರೆದ ಲೆಕ್ಕವನ್ನು ಹಾಗೆಯೇ ನಕಲು ಮಾಡುವುದು, ಬಾಯಲ್ಲಿ ಹೇಳಿಕೊಂಡದ್ದನ್ನು ಅದರ ಮಾತಲ್ಲೇ ಬರೆಯುವುದು. ಅಭಿಪ್ರಾಯ ಊಟದ ಹೊತ್ತಿಗೆ.

ಹಾಗೆ ಬರೆದುಕೊಂಡಾಗ ತಪ್ಪು ಉತ್ತರವೇ ಮಾತಾಡುತ್ತದೆ. 375 ಬರೆದ ಮಗು ಪ್ರತಿ ಜಾಗದಲ್ಲೂ ದೊಡ್ಡದರಿಂದ ಸಣ್ಣದನ್ನು ಕಳೆದಿದೆ. 8ರಲ್ಲಿ 3, 7ರಲ್ಲಿ 0, 5ರಲ್ಲಿ 2. ಮೇಲಿನದ್ದು ಯಾವುದು, ಕೆಳಗಿನದ್ದು ಯಾವುದು ಎಂಬುದೇ ಅದಕ್ಕೆ ಮುಖ್ಯವಾಗಿಲ್ಲ. 275 ಬರೆದ ಮಗು ಸೊನ್ನೆಯನ್ನು ಹಾರಿ ಸೀದಾ 5ರಿಂದ ತಂದಿದೆ, ಆಮೇಲೆ ಸೊನ್ನೆಯ ಜಾಗದಲ್ಲಿ 7 ಅನ್ನು ಹಾಗೇ ಇಳಿಸಿದೆ. 325 ಬರೆದ ಮಗು ಸೊನ್ನೆಯನ್ನು 9 ಮಾಡಿದೆ, ಆದರೆ 5 ಅನ್ನು ಮುಟ್ಟಿಲ್ಲ. ಮೂವರಿಗೂ ಕೆಂಪು ಗೀಟು ಒಂದೇ. ಮದ್ದು ಮಾತ್ರ ಬೇರೆ ಬೇರೆ.

325 ಬರೆದವಳು ಚುರುಕು ಹುಡುಗಿ. ನನ್ನ ಪುಸ್ತಕದಲ್ಲಿ ಉತ್ತರ ಮಾತ್ರ ಇತ್ತು. ಮಾಷ್ಟ್ರ ಪುಸ್ತಕದಲ್ಲಿ ಅವಳ ಮಾತೂ ಇತ್ತು: "ಸೊನ್ನೆ ಇದ್ರೆ ಒಂಬತ್ತಾಗ್ತದೆ." ಅವಸರದ ತಪ್ಪಲ್ಲ, ಅವಳಿಗೆ ಅದೊಂದು ನಿಯಮ. ಒಂಬತ್ತು ಎಲ್ಲಿಂದ ಬಂತು ಎಂಬುದು ಅದರಲ್ಲಿಲ್ಲ.

ಸಣ್ಣ ಗುಂಪಿನಲ್ಲಿ ಅವಳ ಮುಂದೆ ಕಡ್ಡಿ ಇಟ್ಟೆ. ಹಿಡಿಸೂಡಿ ಬಿಚ್ಚಿ, ಒಂದೇ ಉದ್ದಕ್ಕೆ ತುಂಡು ಮಾಡಿದ ಕಡ್ಡಿ. ಹತ್ತಕ್ಕೊಂದು ರಬ್ಬರ್ ಬ್ಯಾಂಡ್, ಅಂಥ ಹತ್ತಕ್ಕೆ ಒಂದು ಬಾಳೆನಾರು. ಐದು ದೊಡ್ಡ ಕಟ್ಟು, ಮೂರು ಬಿಡಿ ಕಡ್ಡಿ. ಎಂಟು ಕಡ್ಡಿ ಕೊಡು ಅಂದೆ. ಅವಳು ಬಾಳೆನಾರು ಬಿಚ್ಚಿದಳು, ಹತ್ತರ ಕಟ್ಟೊಂದರ ರಬ್ಬರ್ ತೆಗೆದಳು. ಉಳಿದ ಕಟ್ಟು ಎಣಿಸಿದಳು, ಒಂಬತ್ತು. ಆಮೇಲೆ ದೊಡ್ಡ ಕಟ್ಟು ಎಣಿಸಿದಳು, ನಾಲ್ಕು. ನಾನೇನೂ ಹೇಳಬೇಕಾಗಲಿಲ್ಲ. ಪುಸ್ತಕ ತೆಗೆದು 5ರ ಮೇಲೆ ಗೀಟು ಹಾಕಿದಳು.

ಅಲ್ಲಿಗೇ ಬಿಟ್ಟರೆ ಅರ್ಧ ಕೆಲಸ. ಪರೀಕ್ಷಿಸಲು ಎರಡು ಲೆಕ್ಕ ಬೇಕು. 604 - 237ಕ್ಕೆ 367 ಬರಬೇಕು, ಹಳೆ ನಿಯಮ ಉಳಿದಿದ್ದರೆ 467 ಬರುತ್ತದೆ. ಇನ್ನೊಂದು 640 - 237. ಇಲ್ಲಿ ಸೊನ್ನೆ ಬಿಡಿಯ ಜಾಗದಲ್ಲಿದೆ, ಅದು ಒಂಬತ್ತಲ್ಲ, ಹತ್ತಾಗಬೇಕು. ಉತ್ತರ 403. ಕೊನೆಯಲ್ಲಿ 2 ಬಂದರೆ 'ಸೊನ್ನೆ ಒಂಬತ್ತಾಗ್ತದೆ' ಇನ್ನೂ ಜೀವಂತ ಎಂದರ್ಥ.

ಈ ಎರಡು ಲೆಕ್ಕವನ್ನು ಮರುದಿನ ಕೊಡುವವರು ನಾನಲ್ಲ, ಮಾಷ್ಟ್ರು. ಆದ್ದರಿಂದ ಚೀಟಿ ಬೇಕು. ಬಾಯಲ್ಲಿ ಹೇಳಿದ್ದು ಬೆಲ್ ಹೊಡೆಯುವಷ್ಟರಲ್ಲಿ ಮರೆತುಹೋಗುತ್ತದೆ. ಚೀಟಿಯಲ್ಲಿ ಮೂರೇ ಸಾಲು: ಪಾಠ ಎಲ್ಲಿ ನಿಂತಿದೆ, ಯಾರು ಯಾವ ಉತ್ತರದಲ್ಲಿ ಸಿಕ್ಕಿಬಿದ್ದಿದ್ದಾರೆ, ನಾಳೆ ಮೊದಲ ಲೆಕ್ಕ ಯಾವುದು. ಆ ದಿನದ್ದು ಹೀಗಿತ್ತು: '503 - 278 ಬೋರ್ಡಿನಲ್ಲಿ ಮುಗಿದಿದೆ. 375 ಇಬ್ಬರು, 325 ಒಬ್ಬಳು, ಕಡ್ಡಿಯಲ್ಲಿ ಸರಿ ಮಾಡಿದಳು. ನಾಳೆ 604 - 237, ಆಮೇಲೆ 640 - 237.' ಹಾಜರಿ ಪುಸ್ತಕದೊಳಗೆ ಇಟ್ಟರೆ ಕಳೆದುಹೋಗುವುದಿಲ್ಲ, ಯಾಕೆಂದರೆ ಅದನ್ನು ಬೆಳಗ್ಗೆ ತೆರೆಯಲೇಬೇಕು.

ಈ ವಿಧಾನಕ್ಕೂ ಕೊರತೆ ಇದೆ. ಸಣ್ಣ ಗುಂಪಿಗೆ ಅದೇ ಮಕ್ಕಳು ಪ್ರತಿ ಸಲ ಬಂದರೆ ಅದು 'ದಡ್ಡರ ಬೆಂಚು' ಆಗಿಬಿಡುತ್ತದೆ. ಹಾಗಾಗದಿರಲಿ ಅಂತ ಸರಿ ಮಾಡಿದ ಒಬ್ಬಿಬ್ಬರನ್ನೂ ಕರೆಯುತ್ತೇವೆ, ಒಮ್ಮೊಮ್ಮೆ ಕಷ್ಟದ ಲೆಕ್ಕ ಕೊಡಲೆಂದೇ ಚುರುಕಾದವರನ್ನು ಕೂರಿಸುತ್ತೇವೆ. ವಾರ ವಾರ ಪಾತ್ರವನ್ನೂ ಬದಲಿಸುತ್ತೇವೆ. ಇಲ್ಲದಿದ್ದರೆ ಹಿಂದೆ ಕೂತವರು ಮಕ್ಕಳ ಕಣ್ಣಿಗೆ ಅರ್ಧ ಟೀಚರ್.

ಖರ್ಚು ಎರಡು ನೋಟ್ ಪುಸ್ತಕ, ಒಂದು ಪ್ಯಾಕೆಟ್ ರಬ್ಬರ್ ಬ್ಯಾಂಡ್. ಕಡ್ಡಿ ಮಕ್ಕಳ ಮನೆಯದ್ದೇ. ಸಮಯಕ್ಕೆ ಶುಕ್ರವಾರದ ಮಧ್ಯಾಹ್ನವಿದೆ. ಕೇರಳದ ಶಾಲೆಗಳಲ್ಲಿ ಆ ದಿನ ಬಿಡುವು ಉದ್ದ, ಊಟ ಮುಗಿಸಿ ಮುಂದಿನ ವಾರದ ನಾಲ್ಕು ನಾಲ್ಕು ಮಕ್ಕಳನ್ನು ಆರಿಸಲು ಸಾಕಾಗುತ್ತದೆ.

ನಿಮ್ಮ ಜೊತೆಯವರು ಅಪರೂಪಕ್ಕೆ ಬರುವವರಾದರೆ ಇದನ್ನು ಹಿಡಿಯಬೇಡಿ, ಚೀಟಿಯ ಸರಪಳಿ ತುಂಡಾಗುತ್ತದೆ. ಅಂಥವರ ಜೊತೆ ತಟ್ಟಿ ವಿಧಾನದಲ್ಲಿ ಓದಿಸಿ. ದಿನಾ ಒಟ್ಟಿಗಿರುವವರು ನಾಳೆಯೇ ನಾಲ್ಕು ಮಕ್ಕಳನ್ನು ಆರಿಸಿ 503 - 278 ಕೊಟ್ಟು ನೋಡಿ. 375 ಎಷ್ಟು ಬರುತ್ತದೆ, 325 ಎಷ್ಟು ಬರುತ್ತದೆ ಎಂಬುದರ ಮೇಲೆ ಮರುದಿನದ ಸಣ್ಣ ಗುಂಪು ಯಾರದ್ದೆಂದು ಗೊತ್ತಾಗುತ್ತದೆ.