ಹೆಸರು ಬದಲಾವಣೆಯ ಅಫಿಡವಿಟ್: ‘ಈ ದಿನದಿಂದ’ ಅನ್ನೋ ಮಾತು ಕಂಡರೆ ಸಹಿ ಹಾಕಬೇಡಿ

ಮದುವೆಯಾದ ಮೇಲೆ ಹೆಸರು ಬದಲಾದವರು, ಅದರಲ್ಲೂ ನಮ್ಮ ಕೊಡಗಿನ ಹೆಣ್ಣುಮಕ್ಕಳು, ಇದನ್ನು ಓದಿ. ಒಂದು ವಾಕ್ಯ ತಪ್ಪಾಗಿದ್ದಕ್ಕೆ ನಾನು ಎರಡು ತಿಂಗಳು ಓಡಾಡಿದೆ.

ನಮ್ಮಲ್ಲಿ ಹೆಸರಿನ ಮುಂದೆ ಮನೆಹೆಸರು ಇರುತ್ತದೆ. ಮದುವೆಯಾದರೆ ತವರಿನ ಮನೆಹೆಸರು ಹೋಗಿ ಗಂಡನ ಮನೆಹೆಸರು ಬರುತ್ತದೆ. ಇನಿಶಿಯಲ್ಲೇ ಬೇರೆಯಾಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನಾನು ಎಂ. ಬಿ. ಕಾವೇರಿ. ಆಧಾರ್‌ನಲ್ಲಿ ಪಿ. ಎ. ಕಾವೇರಮ್ಮ. (ಇನಿಶಿಯಲ್‌ಗಳನ್ನು ಇಲ್ಲಿ ಬೇರೆ ಮಾಡಿ ಬರೆದಿದ್ದೇನೆ.) 2011ರಲ್ಲಿ ಮದುವೆ. 2016ರಲ್ಲಿ ನನ್ನ ಹೆಸರಿಗೆ ಎರಡು ಎಕರೆ ಕಾಫಿ ತೋಟ ತೆಗೆದುಕೊಂಡಾಗ ಕ್ರಯಪತ್ರ ಆಗಿದ್ದೂ ಕಾವೇರಮ್ಮ ಅಂತಲೇ. ಇಷ್ಟು ವರ್ಷ ಏನೂ ತೊಂದರೆ ಇರಲಿಲ್ಲ.

ಕಳೆದ ವರ್ಷ ಅಪ್ಪ ತೀರಿಕೊಂಡರು. ಅವರ ಠೇವಣಿಗೆ ನಾನೇ ನಾಮಿನಿ. ಆದರೆ ರಸೀದಿಯಲ್ಲಿದ್ದದ್ದು ಎಂ. ಬಿ. ಕಾವೇರಿ. ಬ್ಯಾಂಕಿನವರು, “ಎರಡೂ ನೀವೇ ಅಂತ ಒಂದು ಅಫಿಡವಿಟ್ ಮಾಡಿಸಿ ತನ್ನಿ ಮೇಡಂ” ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಸರಿಯಾಗಿ ಕೇಳಿಸಿಕೊಳ್ಳದವಳು ನಾನು.

ಜೋರು ಮಳೆ, ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ವಿರಾಜಪೇಟೆಯಲ್ಲಿ ಟೈಪ್ ಮಾಡಿಕೊಡುವ ಒಂದು ಅಂಗಡಿಗೆ ಹೋಗಿ “ಹೆಸರು ಬದಲಾವಣೆ ಅಫಿಡವಿಟ್ ಬೇಕು” ಎಂದೆ. ಕರೆಂಟ್ ಬರುವುದನ್ನೇ ಕಾಯುತ್ತಿದ್ದ ಹುಡುಗ, ಅದು ಬಂದ ಕೂಡಲೇ ಹಳೆಯ ಫೈಲ್ ತೆಗೆದ, ಹೆಸರು, ವಿಳಾಸ ಬದಲಿಸಿದ, ನೂರು ರೂಪಾಯಿಯ ಇ-ಸ್ಟಾಂಪ್ ಹಾಳೆ ಮೇಲೆ ಪ್ರಿಂಟ್ ಕೊಟ್ಟ. ಹತ್ತೇ ನಿಮಿಷ. ನೋಟರಿ ಹತ್ತಿರ ಜನ ಜಾಸ್ತಿ ಇದ್ದರು. ನಾನು ಓದದೆ ಸಹಿ ಹಾಕಿದೆ. ಅದರಲ್ಲಿದ್ದ ಮುಖ್ಯ ಸಾಲು ಇದು:

“ನಾನು ಈ ದಿನದಿಂದ ನನ್ನ ಹೆಸರನ್ನು ಎಂ. ಬಿ. ಕಾವೇರಿ ಎಂಬುದರ ಬದಲಾಗಿ ಪಿ. ಎ. ಕಾವೇರಮ್ಮ ಎಂದು ಬದಲಾಯಿಸಿಕೊಂಡಿರುತ್ತೇನೆ. ಇನ್ನು ಮುಂದೆ ಎಲ್ಲಾ ವ್ಯವಹಾರಗಳಲ್ಲಿ ಸದರಿ ಹೆಸರಿನಿಂದಲೇ ನನ್ನನ್ನು ಗುರುತಿಸತಕ್ಕದ್ದು.”

ಓದಿದರೆ ಚೆನ್ನಾಗಿಯೇ ಇದೆ, ಅಲ್ವಾ? ಸದರಿ, ಗುರುತಿಸತಕ್ಕದ್ದು, ಎಲ್ಲಾ ಇದೆ. ಬ್ಯಾಂಕಿನಲ್ಲಿ ಓದಿದ ಮೇಡಂ ಒಂದೇ ಪ್ರಶ್ನೆ ಕೇಳಿದರು. “ಇವತ್ತಿನಿಂದ ಹೆಸರು ಬದಲಾಯಿಸಿಕೊಂಡಿದ್ದೀರಿ ಅಂದರೆ, ಇಷ್ಟು ವರ್ಷದಿಂದ ಈ ಆಧಾರ್ ಯಾರದ್ದು?”

ನನಗೆ ಉತ್ತರ ಹೊಳೆಯಲಿಲ್ಲ. ಯೋಚನೆ ಮಾಡಿ. ಆ ಸಾಲಿನ ಪ್ರಕಾರ ನಿನ್ನೆಯವರೆಗೂ ಕಾವೇರಮ್ಮ ಅನ್ನುವವಳೇ ಇಲ್ಲ. ಹಾಗಾದರೆ 2016ರಲ್ಲಿ ತೋಟ ತೆಗೆದುಕೊಂಡು ಸಹಿ ಹಾಕಿದವಳು ಯಾರು? ನನ್ನ ಕ್ರಯಪತ್ರದ ಮೇಲೆ ನಾನೇ ದುಡ್ಡು ಕೊಟ್ಟು ಅನುಮಾನ ಹುಟ್ಟಿಸಿಕೊಂಡಿದ್ದೆ. ಇನ್ನೊಂದು ಪೆಟ್ಟೂ ಬಿತ್ತು. ‘ಬದಲಾಯಿಸಿಕೊಂಡಿರುತ್ತೇನೆ’ ಎಂದು ಬರೆದಿರುವುದರಿಂದ ಪೇಪರ್ ಜಾಹೀರಾತು, ಗೆಜೆಟ್ ಪ್ರತಿ ಎರಡನ್ನೂ ತನ್ನಿ ಎಂದರು. ಹೊಸದಾಗಿ ಹೆಸರು ಇಟ್ಟುಕೊಳ್ಳುವವರಿಗೆ ಆ ದಾರಿ ಸರಿ. ನನಗೆ ಅದು ಬೇಕಾಗಿಯೇ ಇರಲಿಲ್ಲ. ನನಗೆ ಬೇಕಿದ್ದದ್ದು ಆಗಲೇ ಇರುವ ಎರಡು ಹೆಸರನ್ನು ಒಬ್ಬಳಿಗೆ ಜೋಡಿಸುವ ಮಾತು. ಹಳೆಯ ಹೆಸರು, ಹೊಸ ಹೆಸರು ಎರಡೂ ಇರುವುದರಿಂದ ಅಂಗಡಿಯಲ್ಲಿ ಎರಡಕ್ಕೂ ಒಂದೇ ಫೈಲ್ ತೆಗೆಯುತ್ತಾರೆ.

ಹಾಳೆಯಲ್ಲಿ ಬೇರೆ ಹುಳುಕೂ ಇದ್ದವು. ಹಳೆಯ ಫೈಲ್ ಯಾರೋ ಗಂಡಸಿನದ್ದು. ನನ್ನ ಹೆಸರಿನ ಮುಂದೆ ‘ಬಿನ್’, ಅಂದರೆ ಇಂಥವರ ಮಗ, ಎಂದು ಬಂದಿತ್ತು. ಹುಡುಗ ಪೆನ್ನಿನಲ್ಲಿ ಅದನ್ನು ಹೊಡೆದು ‘ಕೋಂ’, ಅಂದರೆ ಇಂಥವರ ಹೆಂಡತಿ, ಎಂದು ಮಾಡಿದ್ದ. ಆದರೆ ಕೊನೆಯಲ್ಲಿ ‘ತಿದ್ದುಪಡಿಗಳ ಸಂಖ್ಯೆ: ಇಲ್ಲ’ ಎಂದು ಅಚ್ಚಾಗಿತ್ತು. ಹೊಡೆದು ಬರೆದದ್ದು ಕಣ್ಣೆದುರಿಗಿದೆ, ಕೆಳಗೆ ತಿದ್ದಿಲ್ಲ ಎಂದು ಪ್ರಮಾಣ! ಪೆನ್ನಿನಲ್ಲಿ ತಿದ್ದಿದರೆ ಆ ಜಾಗದ ಪಕ್ಕದಲ್ಲಿ ನೀವೂ ನೋಟರಿಯೂ ಚಿಕ್ಕ ಸಹಿ ಹಾಕಬೇಕು, ಕೆಳಗೆ ‘ಒಂದು’ ಎಂದು ಬರೆಯಬೇಕು. ಸಹಿಗೆ ಮೊದಲೇ ಕಂಡರೆ ಸುಮ್ನೆ ಹೊಸದಾಗಿ ಪ್ರಿಂಟ್ ತೆಗೆಸುವುದೇ ವಾಸಿ. ಕೊನೆಯ ಸಾಲಿನಲ್ಲಿ ‘ಪ್ರಮಾಣ ಮಾಡಿದವನು’ ಅಂತಲೂ ಇತ್ತು. ಅದನ್ನು ಮನೆಯಲ್ಲಿ ನನ್ನ ಗಂಡ ಓದಿ ನಕ್ಕಿದ್ದು ನಕ್ಕಿದ್ದೇ.

ಮಡಿಕೇರಿಯಲ್ಲಿ ಪರಿಚಯದ ವಕೀಲರೊಬ್ಬರು ಹೊಸದಾಗಿ ಬರೆದುಕೊಟ್ಟರು. ಮೊದಲು ಕೈಯಲ್ಲಿದ್ದ ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿಸಿದರು. ಕನ್ನಡದಲ್ಲಿ ‘ಕಾವೇರಿ’ ಎಂದು ಬರೆದರೆ ಎಲ್ಲಾ ಕಡೆ ಒಂದೇ ಥರ ಕಾಣುತ್ತದೆ. ಇಂಗ್ಲಿಷಿನಲ್ಲಿ ನೋಡಿದರೆ ಅಂಕಪಟ್ಟಿಯಲ್ಲಿ ಹೆಸರು ‘ಸಿ’ ಅಕ್ಷರದಿಂದ ಶುರು, ಠೇವಣಿ ರಸೀದಿಯಲ್ಲಿ ‘ಕೆ’ಯಿಂದ. ಹೊಳೆಯ ಹೆಸರನ್ನೇ ಎರಡು ಥರ ಬರೆಯುವವರು ನಾವು, ಇದೇನು ಮಹಾ ಎಂದುಕೊಂಡೆ. ಕಂಪ್ಯೂಟರಿಗೆ ಅವು ಎರಡು ಹೆಸರು. ಹಾಗಾಗಿ ಕನ್ನಡ ಅಫಿಡವಿಟ್ ಆದರೂ ಪ್ರತಿ ದಾಖಲೆಯ ಹೆಸರನ್ನು ಅದರಲ್ಲಿರುವ ಇಂಗ್ಲಿಷ್ ಅಕ್ಷರದಲ್ಲೇ, ಚುಕ್ಕಿ, ಜಾಗ ಸಮೇತ ಪಕ್ಕದಲ್ಲಿ ಬರೆಸಿದರು. ಆಮೇಲೆ ಬಂದ ಸಾಲುಗಳು ಇವು:

“ನನ್ನ ಹುಟ್ಟುಹೆಸರು ಎಂ. ಬಿ. ಕಾವೇರಿ ಎಂದಿದ್ದು, ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಹಾಗೂ ನನ್ನ ತಂದೆಯವರ ಠೇವಣಿ ರಸೀದಿಯಲ್ಲಿ ಸದರಿ ಹೆಸರು ನಮೂದಾಗಿರುತ್ತದೆ. 2011ನೇ ಇಸವಿಯಲ್ಲಿ ನನ್ನ ವಿವಾಹವಾದ ನಂತರ ನಾನು ಪಿ. ಎ. ಕಾವೇರಮ್ಮ ಎಂಬ ಹೆಸರನ್ನು ಬಳಸಿಕೊಂಡು ಬಂದಿದ್ದು, ನನ್ನ ಆಧಾರ್ ಹಾಗೂ ಕ್ರಯಪತ್ರದಲ್ಲಿ ಈ ಹೆಸರು ಇರುತ್ತದೆ. ಮೇಲ್ಕಂಡ ಎರಡೂ ಹೆಸರುಗಳು ನನ್ನವೇ ಆಗಿದ್ದು, ಎರಡೂ ಹೆಸರುಗಳಿಂದ ಗುರುತಿಸಲ್ಪಡುವ ವ್ಯಕ್ತಿ ನಾನೊಬ್ಬಳೇ ಆಗಿರುತ್ತೇನೆ.”

ಮೊದಲಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ‘ಬದಲಾಯಿಸಿಕೊಂಡಿರುತ್ತೇನೆ’ ಇಲ್ಲ, ‘ಬಳಸಿಕೊಂಡು ಬಂದಿದ್ದು’ ಇದೆ. ‘ಈ ದಿನದಿಂದ’ ಹೋಗಿ ಮದುವೆಯ ವರ್ಷ ಬಂದಿದೆ. ಎಲ್ಲಕ್ಕಿಂತ ಮುಖ್ಯವಾಗಿ ‘ನಾನೊಬ್ಬಳೇ’ ಎಂಬ ಮಾತು ಇದೆ. ಇದರ ಜೊತೆ ಮದುವೆ ನೋಂದಣಿ ಪತ್ರದ ಜೆರಾಕ್ಸ್ ಇಟ್ಟೆವು, ಎರಡು ಹೆಸರಿನ ನಡುವಿನ ಸೇತುವೆ ಅದೇ. ಬರೀ ಅಫಿಡವಿಟ್ ಅಂದರೆ ನನ್ನ ಬಾಯಿಮಾತು ಅಷ್ಟೇ ಎಂದರು ವಕೀಲರು. ಅಂಕಪಟ್ಟಿಯ ಹೆಸರನ್ನೇ ತಿದ್ದಿಸಬೇಕು ಎನ್ನುವವರಿಗೆ ಇದು ಸಾಲದು, ಅದು ಬೇರೆಯೇ ಕೆಲಸ.

ಸಹಿ ಹಾಕುವಾಗಲೂ ಒಂದು ಮಾತು ಹೇಳಿದರು. ಹಳೆಯ ಹೆಸರಿನ ಸಹಿ, ಈಗಿನ ಸಹಿ ಎರಡನ್ನೂ ಕೊನೆಯ ಪುಟದಲ್ಲಿ ಒಂದರ ಕೆಳಗೆ ಒಂದು ಹಾಕಿಸಿದರು. ಹದಿಮೂರು ವರ್ಷದಿಂದ ಹಾಕದ ಸಹಿ. ಮೂರು ಸಲ ಬಿಳಿ ಹಾಳೆಯಲ್ಲಿ ಅಭ್ಯಾಸ ಮಾಡಿ ಹಾಕಿದೆ.

ಮೊದಲಿನ ಸ್ಟಾಂಪ್ ಹಾಳೆ ದಂಡವಾಯಿತು. ಹೊಸದು ತೆಗೆಯುವಾಗ ನನ್ನ ಈಗಿನ ಹೆಸರನ್ನು ಆಧಾರ್ ನೋಡಿಕೊಂಡು ಅಕ್ಷರ ಅಕ್ಷರ ಹೇಳಿ ಹಾಕಿಸಿದೆ, ಯಾಕೆಂದರೆ ಅದರ ಮೇಲೆ ಮೊದಲ ಪಕ್ಷದ, ಅಂದರೆ ಅಫಿಡವಿಟ್ ಕೊಡುವವರ, ಹೆಸರು ಅಚ್ಚಾದರೆ ಅಲ್ಲಿ ಪೆನ್ನು ಆಡಿಸುವ ಹಾಗಿಲ್ಲ. ಬ್ಯಾಂಕಿನಲ್ಲಿ ಈ ಸಲ ಐದು ನಿಮಿಷವೂ ಆಗಲಿಲ್ಲ.

ಮೊನ್ನೆ ನನ್ನ ನಾದಿನಿ ಅದೇ ಅಂಗಡಿಗೆ ಹೋಗಿದ್ದಳಂತೆ. ಪ್ರಿಂಟ್ ತೆಗೆಯುವ ಮೊದಲು ಸ್ಕ್ರೀನಿನ ಫೋಟೋ ಕಳಿಸಿದಳು. ‘ಈ ದಿನದಿಂದ’ ಅಲ್ಲೇ ಕೂತಿತ್ತು, ಕೆಳಗೆ ‘ಪ್ರಮಾಣ ಮಾಡಿದವನು’ ಕೂಡ.