ಕಟ್ಟೋದಾ, ಕೊಳ್ಳೋದಾ? ಮಂಡಿ ಸಾಫ್ಟ್‌ವೇರ್ ಪ್ಲ್ಯಾನ್‌ಗೆ ಮೂರು ದಾರಿ ನೋಡಿದ ಮೇಲೆ

ದಾವಣಗೆರೆ ಎಪಿಎಂಸಿಯ ದಲ್ಲಾಲಿ ಅಂಗಡಿಗಳಿಗಾಗಿ ನಾವಿಬ್ಬರು ಗೆಳೆಯರು ಒಂದು ಸಾಫ್ಟ್‌ವೇರ್ ಮಾಡುತ್ತಿದ್ದೇವೆ. ಮೆಕ್ಕೆಜೋಳ ಬಂದಾಗ ಲಾಟ್ ಬರೆದುಕೊಳ್ಳುವುದು, ತೂಕದ ಚೀಟಿಯ ಫೋಟೋ ಇಟ್ಟುಕೊಳ್ಳುವುದು, ರೈತರಿಗೆ ಮಾರಾಟದ ಲೆಕ್ಕದ ಪಟ್ಟಿ ಮಾಡಿ ಕೊಡುವುದು, ಇಷ್ಟು ಅದರ ಕೆಲಸ. ಬ್ಯಾಂಕಿಗೆ ಕೊಡಬೇಕಿದ್ದ ಪ್ಲ್ಯಾನ್‌ನಲ್ಲಿ ಟೆಕ್ನಾಲಜಿ ಭಾಗ ಬರೆಯುವ ಮೊದಲು ಮೂರು ದಾರಿಗಳನ್ನೂ ಕೆಲವು ಅಂಗಡಿಗಳಲ್ಲಿ ಓಡಿಸಿ ನೋಡಿದೆವು.

ಒಂದನೆಯದು, ಡೇಟಾಬೇಸ್, ಓಟಿಪಿ, ಬ್ಯಾಕಪ್ ಎಲ್ಲವನ್ನೂ ಬಾಡಿಗೆ ಸರ್ವರ್ ಮೇಲೆ ನಾವೇ ಕಟ್ಟಿಕೊಳ್ಳುವುದು. ಎರಡನೆಯದು, ಅಮೆಜಾನ್‌ನ ಎಡಬ್ಲ್ಯುಎಸ್ ಅನ್ನುವ ದೊಡ್ಡ ಕ್ಲೌಡ್‌ನಲ್ಲಿ ಎಲ್ಲವನ್ನೂ ರೆಡಿ ಸೇವೆಯಾಗಿ ಕೊಳ್ಳುವುದು. ಮೂರನೆಯದು, ಪಟ್ಟಿಯ ಲೆಕ್ಕ ಮಾತ್ರ ನಾವು ಕಟ್ಟಿ, ಡೇಟಾಬೇಸ್ ಮತ್ತು ಎಸ್ಸೆಮ್ಮೆಸ್ ಕೊಂಡು, ಆ್ಯಪ್ ಅನ್ನು ತಿಂಗಳಿಗೆ ಇಂತಿಷ್ಟೇ ಬಾಡಿಗೆ ಇರುವ ಸರ್ವರ್‌ನಲ್ಲಿ ಇಡುವುದು. ನನಗೆ ಒಪ್ಪಿಗೆಯಾದದ್ದು ಮೂರನೆಯದು. ಯಾಕೆ ಅಂತ ಹೇಳುತ್ತೇನೆ.

ಪಟ್ಟಿಯ ಲೆಕ್ಕವನ್ನು ಕೊಳ್ಳುವ ಮಾತೇ ಇಲ್ಲ. ಜೋಳದ ತೇವ ನೋಡಿ ತೂಕದಲ್ಲಿ ಎಷ್ಟು ಕಳೆಯಬೇಕು, ಹಮಾಲಿ ಹೇಗೆ ಹಾಕಬೇಕು, ರೈತರು ಮೊದಲೇ ಇಸಿದುಕೊಂಡ ದುಡ್ಡನ್ನು ಯಾವ ಲಾಟ್‌ನಲ್ಲಿ ಮುರಿದುಕೊಳ್ಳಬೇಕು, ಇವೆಲ್ಲ ಅಂಗಡಿಯಿಂದ ಅಂಗಡಿಗೆ ಬೇರೆ. ಹೊರಗಿನ ಯಾವ ರೆಡಿ ಬಿಲ್ಲಿಂಗ್ ಸಾಫ್ಟ್‌ವೇರೂ ಇದಕ್ಕೆ ಒಗ್ಗಲಿಲ್ಲ. ಸಾವ್ಕಾರ್ರು ನಮಗೆ ದುಡ್ಡು ಕೊಡುವುದೇ ಈ ಲೆಕ್ಕಕ್ಕೆ. ಇನ್ನು ಖಾತೆ ಪುಸ್ತಕ ಕಟ್ಟುವುದು ಬೇಡವೇ ಬೇಡ. ಅಂಗಡಿಯವರ ಆಡಿಟರ್ ಹತ್ತಿರ ಟ್ಯಾಲಿ ಇರುತ್ತದೆ, ಅದಕ್ಕೆ ಹೋಗುವ ಫೈಲ್ ತೆಗೆದುಕೊಟ್ಟರೆ ಮುಗಿಯಿತು.

ಈಗ ನನ್ನ ತಲೆ ತಿಂದ ವಿಷಯಕ್ಕೆ ಬರುತ್ತೇನೆ. ಎರಡನೆಯ ದಾರಿಗೆ ಕ್ಲೌಡ್‌ನವರ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕಿದರೆ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಎರಡು ಸಣ್ಣ ಸರ್ವರ್, ಲೋಡ್ ಬ್ಯಾಲೆನ್ಸರ್, ಒಂದು ಡೇಟಾಬೇಸ್, ಫೋಟೋ ಇಡುವ ಜಾಗ, ಎಲ್ಲ ಸೇರಿ ತಿಂಗಳಿಗೆ 90 ಡಾಲರ್. ಡಾಲರ್‌ಗೆ 85 ರೂಪಾಯಿ ಅಂತ ಹಿಡಿದರೆ 7,650 ರೂಪಾಯಿ. ನಮ್ಮ ಪ್ಲ್ಯಾನ್‌ನಲ್ಲಿ ಗುರಿ 40 ಅಂಗಡಿ, ಅಂಗಡಿಗೆ ತಿಂಗಳಿಗೆ 1,000 ರೂಪಾಯಿ. ಅಂದರೆ ಒಂದು ಅಂಗಡಿಯ ಸಾವಿರದಲ್ಲಿ ಕ್ಲೌಡ್‌ಗೆ ಹೋಗುವುದು 190 ರೂಪಾಯಿ ಆಸುಪಾಸು. ಬ್ಯಾಂಕಿನವರಿಗೂ ಒಪ್ಪಿಗೆ, ನಮಗೂ ಒಪ್ಪಿಗೆ.

ಆದರೆ ಈ ಲೆಕ್ಕದಲ್ಲಿ ಫೋಟೋ ಓಡಾಡುವ ದಾರಿಯೇ ಇಲ್ಲ. ಅಲ್ಲಿ ಸಿಗುವ, ಸರ್ವರ್ ಜೋಡಿಸುವ ರೆಡಿ ನಕ್ಷೆಗಳು ಸರ್ವರ್ ಅನ್ನು ಒಳಗಿನ ನೆಟ್‌ವರ್ಕ್‌ನಲ್ಲಿ ಇಡುತ್ತವೆ, ಅದಕ್ಕೆ ಹೊರಗಿನ ವಿಳಾಸ ಇರುವುದಿಲ್ಲ. ಸುರಕ್ಷತೆಗೆ ಒಳ್ಳೆಯದೇ. ಅಂಥ ಸರ್ವರ್ ತಾನಾಗಿ ಹೊರಗೆ ಹೋಗಿ ಏನಾದರೂ ತರಬೇಕಾದರೆ ನ್ಯಾಟ್ ಗೇಟ್‌ವೇ ಅನ್ನುವ ಬಾಗಿಲು ಬೇಕು. ಅದಕ್ಕೆ ಎಡಬ್ಲ್ಯುಎಸ್‌ನ ಮುಂಬೈ ಕೇಂದ್ರದ ದರದಲ್ಲಿ ಗಂಟೆಗೆ ಐದಾರು ಸೆಂಟ್ ಬಾಡಿಗೆ. ತಿಂಗಳಿಗೆ 730 ಗಂಟೆ, ಹಾಗಾಗಿ ಯಾರೂ ಬಳಸದಿದ್ದರೂ 41 ಡಾಲರ್ ಹತ್ತಿರ. ಮೇಲೆ, ಅದರ ಮೂಲಕ ಹಾದುಹೋಗುವ ಪ್ರತಿ ಜಿಬಿಗೂ ಅಷ್ಟೇ ಸೆಂಟ್. ಫೋಟೋ ಇಡುವ ಜಾಗ ಕೂಡ ಅದೇ ಕಂಪನಿಯದ್ದೇ ಆದರೂ, ಈ ಒಳಗಿನ ನೆಟ್‌ವರ್ಕ್‌ನ ಲೆಕ್ಕಕ್ಕೆ ಅದು ಹೊರಗೆ ಇದೆ.

ಸೀಸನ್‌ನಲ್ಲಿ ಏನಾಗುತ್ತದೆ ನೋಡಿ. ಒಂದು ಅಂಗಡಿಗೆ ದಿನಕ್ಕೆ 100 ಲಾಟ್ ಅಂತ ಇಟ್ಟುಕೊಳ್ಳಿ. ಫೋನ್‌ನಲ್ಲಿ ತೆಗೆದ ಫೋಟೋ ಒಂದಕ್ಕೆ 3 ಎಂಬಿ. 40 ಅಂಗಡಿಗೆ ದಿನಕ್ಕೆ 12 ಜಿಬಿ, 25 ದಿನದ ತಿಂಗಳಿಗೆ 300 ಜಿಬಿ. ಇದು ಸರ್ವರ್‌ನಿಂದ ನ್ಯಾಟ್ ಮೂಲಕ ಫೋಟೋ ಜಾಗಕ್ಕೆ ಹೋಗುತ್ತದೆ. ಆಮೇಲೆ ಗುಮಾಸ್ತರು ಒಮ್ಮೆ, ರೈತರು ಒಮ್ಮೆ ಅದೇ ಫೋಟೋ ತೆರೆಯುತ್ತಾರೆ. ಆಗ 600 ಜಿಬಿ ಅದೇ ಬಾಗಿಲಿನಿಂದ ವಾಪಸ್ ಬರುತ್ತದೆ. ಒಟ್ಟು 900 ಜಿಬಿ, ಸುಮಾರು 50 ಡಾಲರ್. ಇಲ್ಲಿಗೆ ಮುಗಿಯಲಿಲ್ಲ. ಆ 600 ಜಿಬಿ ಕ್ಲೌಡ್‌ನಿಂದ ಜನರ ಫೋನ್‌ಗೆ ಹೋಗುವಾಗ ಹೊರಹೋಗುವ ಡೇಟಾ ಅಂತ ಇನ್ನೊಂದು ದರ ಬೀಳುತ್ತದೆ. ಮೊದಲ 100 ಜಿಬಿ ಉಚಿತ, ಉಳಿದ 500 ಜಿಬಿಗೆ ಜಿಬಿಗೆ 11 ಸೆಂಟ್ ಹತ್ತಿರ, ಅಂದರೆ 55 ಡಾಲರ್.

ಕೂಡಿಸಿದರೆ 90 ಇದ್ದದ್ದು 236 ಡಾಲರ್ ಆಯಿತು. ರೂಪಾಯಿಯಲ್ಲಿ 20,060. ಅದಕ್ಕೆ 18% ಜಿಎಸ್‌ಟಿ ಸೇರಿ 23,670. ಅಂಗಡಿಗೆ 590 ರೂಪಾಯಿ! ಸಾವಿರ ರೂಪಾಯಿಯ ಅರ್ಧಕ್ಕಿಂತ ಜಾಸ್ತಿ ಕ್ಲೌಡ್‌ಗೇ ಹೋಯಿತು, ಅದೂ ಅಂಗಡಿಯವರು ಆ್ಯಪ್ ಅನ್ನು ಚೆನ್ನಾಗಿ ಬಳಸುವ ತಿಂಗಳಲ್ಲೇ.

ಜಿಎಸ್‌ಟಿ ಬಗ್ಗೆ ಒಂದು ಮಾತು ಸೇರಿಸಬೇಕು. ಎಷ್ಟೋ ಪ್ಲ್ಯಾನ್‌ಗಳಲ್ಲಿ ಅದು ಹೇಗೂ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತೆ ಅಂತ ಬಿಟ್ಟುಬಿಡುತ್ತಾರೆ. ಸೇವೆ ಮಾರುವವರಿಗೆ ಸಾಮಾನ್ಯವಾಗಿ ವರ್ಷಕ್ಕೆ 20 ಲಕ್ಷ ವಹಿವಾಟು ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ನಮ್ಮ 40 ಅಂಗಡಿಯ ವರ್ಷದ ಆದಾಯ 4.8 ಲಕ್ಷ. ನೋಂದಣಿ ಇಲ್ಲದಿದ್ದರೆ ಕ್ರೆಡಿಟ್ ಕೂಡ ಇಲ್ಲ. ಆ 18% ನಮ್ಮ ಜೇಬಿನಿಂದಲೇ ಹೋಗುವ ಖರ್ಚು.

ಈ ನ್ಯಾಟ್ ಖರ್ಚು ಬಿಲ್‌ನಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನಾವು ನೋಡಿದ ಬಿಲ್‌ನಲ್ಲಿ ಅದು `EC2-Other` ಅನ್ನುವ ಸಾಲಿನೊಳಗೆ ಕೂತಿತ್ತು. ಸರ್ವರ್‌ಗೆ ಸಂಬಂಧಪಟ್ಟ ಚಿಲ್ಲರೆ ಏನೋ ಇರಬೇಕು ಅಂತ ಯಾರಾದರೂ ಮುಂದೆ ಹೋಗಿಬಿಡುತ್ತಾರೆ. ಖರ್ಚಿನ ಪುಟದಲ್ಲಿ ಸೇವೆಯ ಬದಲು `Usage type` ಆರಿಸಿ ವಿಂಗಡಿಸಿದರೆ `NatGateway-Hours`, `NatGateway-Bytes`, `DataTransfer-Out-Bytes` ಅಂತ ಕೊನೆಯಾಗುವ ಸಾಲುಗಳು ಬೇರೆಬೇರೆಯಾಗಿ ಕಾಣುತ್ತವೆ. ಹತ್ತು ದಿನ ಟ್ರಯಲ್ ಓಡಿಸಿ ಈ ಮೂರನ್ನು ನೋಡಿದರೆ ಸಾಕು, ಪ್ಲ್ಯಾನ್‌ನ ಊಹೆ ಎಲ್ಲಿ ತಪ್ಪುತ್ತದೆ ಅಂತ ಗೊತ್ತಾಗುತ್ತದೆ.

ಇದಕ್ಕೆ ಅಲ್ಲೇ ಒಂದು ಅರ್ಧ ಮದ್ದು ಇದೆ. ಒಳಗಿನ ನೆಟ್‌ವರ್ಕ್‌ನಿಂದ ಫೋಟೋ ಜಾಗಕ್ಕೆ ಗೇಟ್‌ವೇ ಎಂಡ್‌ಪಾಯಿಂಟ್ ಅನ್ನುವ ನೇರ ದಾರಿ ಹಾಕಬಹುದು, ಅದು ಉಚಿತ. ಆಗ 50 ಡಾಲರ್ ಹೋಗುತ್ತದೆ. ಆದರೆ ಎಸ್ಸೆಮ್ಮೆಸ್ ಕಳಿಸಲು ಸರ್ವರ್ ಹೊರಗೆ ಹೋಗಲೇಬೇಕಲ್ವಾ? ಹಾಗಾಗಿ ನ್ಯಾಟ್ ಉಳಿಯುತ್ತದೆ, ಅದರ 41 ಡಾಲರ್ ಉಳಿಯುತ್ತದೆ. ಹೊರಹೋಗುವ ಡೇಟಾದ 55 ಕೂಡ ಹಾಗೇ ಇರುತ್ತದೆ.

ಪೂರ್ತಿ ಮದ್ದು ಇರುವುದು ಫೋಟೋದಲ್ಲೇ. ಅಪ್‌ಲೋಡ್ ಮಾಡುವ ಮೊದಲು ಫೋನ್‌ನಲ್ಲೇ ಅದನ್ನು ಕುಗ್ಗಿಸಬೇಕು. ಎಷ್ಟು ಕುಗ್ಗಿಸಬಹುದು ಅಂತ ನೋಡಲು ಮಂಡಿಯಲ್ಲೇ ಕೂತು ನಿಜವಾದ ಚೀಟಿಗಳನ್ನು ತೆಗೆದೆವು. ರಿಬ್ಬನ್ ಸವೆದ ಪ್ರಿಂಟರ್‌ನ ಚೀಟಿಯಲ್ಲಿ ಅಂಕಿಗಳು ಚುಕ್ಕಿ ಚುಕ್ಕಿಯಾಗಿ ಮಸುಕಾಗಿರುತ್ತವೆ. 100 ಕೆಬಿಗೆ ಇಳಿಸಿದಾಗ 3 ಮತ್ತು 8 ಒಂದೇ ಥರ ಕಂಡವು. "ಮೂರೋ ಎಂಟೋ ಅಂತ ರೈತ್ರು ಜಗಳಕ್ಕೆ ಬಂದ್ರೆ ನಾನೇನ್ ತೋರಿಸ್ಲಿ ಸಾರ್?" ಅಂದರು ಗುಮಾಸ್ತರು. 200 ಕೆಬಿಯಲ್ಲಿ ಅಗಲ 1,200 ಪಿಕ್ಸೆಲ್ ಇಟ್ಟಾಗ ಮಸುಕು ಚೀಟಿಯೂ ಸ್ಪಷ್ಟವಾಗಿ ಓದಲು ಬಂತು. ಅಲ್ಲಿಗೆ ನಿಂತೆವು. ತಿಂಗಳ 300 ಜಿಬಿ 20 ಜಿಬಿ ಆಯಿತು. ಮಂಡಿಯಲ್ಲಿ ಸಿಗ್ನಲ್ ಕಮ್ಮಿ ಇದ್ದಾಗಲೂ ಫೋಟೋ ಬೇಗ ಹೋಗುತ್ತದೆ, ಅದು ಅಂಗಡಿಯವರಿಗೆ ಸಿಕ್ಕ ಲಾಭ. ಜೊತೆಗೆ, ಫೋಟೋ ನಮ್ಮ ಸರ್ವರ್‌ಗೆ ಬರುವುದೇ ಇಲ್ಲ. ಸರ್ವರ್ ಕೆಲವು ನಿಮಿಷ ಮಾತ್ರ ನಡೆಯುವ ಒಂದು ಸಹಿ ಮಾಡಿದ ಲಿಂಕ್ ಕೊಡುತ್ತದೆ, ಫೋನ್ ಆ ಲಿಂಕ್‌ನಿಂದ ಸೀದಾ ಫೋಟೋ ಜಾಗಕ್ಕೆ ಹಾಕುತ್ತದೆ. ತೆರೆಯುವಾಗಲೂ ಹಾಗೇ.

ಹೀಗೆ ಕುಗ್ಗಿದ ಮೇಲೆ ದೊಡ್ಡ ನಕ್ಷೆಯೇ ಬೇಕಾಗಲಿಲ್ಲ. ನಮ್ಮ ಮೂರನೆಯ ದಾರಿಯಲ್ಲಿ ನಿಗದಿ ಬಾಡಿಗೆಯ ಸರ್ವರ್‌ಗೆ 24 ಡಾಲರ್, ಕೊಂಡ ಡೇಟಾಬೇಸ್‌ಗೆ 30, ಫೋಟೋ ಜಾಗಕ್ಕೆ 5, ಒಟ್ಟು 59. ಜಿಎಸ್‌ಟಿ ಸೇರಿ 5,900 ರೂಪಾಯಿ ಹತ್ತಿರ, ಅಂಗಡಿಗೆ 150. ಸೀಸನ್ ಇದ್ದರೂ ಇಲ್ಲದಿದ್ದರೂ ಬಿಲ್ ಹೆಚ್ಚುಕಮ್ಮಿ ಅಷ್ಟೇ. ಒಂದು ಸರ್ವರ್ ಕೆಟ್ಟರೆ ಇನ್ನೊಂದು ತಾನಾಗಿ ಎದ್ದು ನಿಲ್ಲುವುದಿಲ್ಲ, ಅದು ಈ ದಾರಿಯ ಕೊರತೆ. ಅರ್ಧ ಗಂಟೆ ನಿಂತರೆ ಗುಮಾಸ್ತರು ಲಾಟ್ ಪುಸ್ತಕದಲ್ಲಿ ಬರೆದುಕೊಂಡು ಆಮೇಲೆ ಹಾಕುತ್ತಾರೆ. ಆಸ್ಪತ್ರೆಗೆ ಸಾಫ್ಟ್‌ವೇರ್ ಮಾಡುವವರು ಹೀಗೆ ಮಾಡಬಾರದು.

ಒಂದನೆಯ ದಾರಿ ಕಾಗದದ ಮೇಲೆ ಇನ್ನೂ ಅಗ್ಗ. ಡೇಟಾಬೇಸ್ ನಾವೇ ನೋಡಿಕೊಂಡರೆ 30 ಡಾಲರ್, ಅಂದರೆ 2,550 ರೂಪಾಯಿ ಉಳಿಯುತ್ತದೆ. ಆದರೆ ಪ್ಯಾಚ್ ಹಾಕುವುದು, ಬ್ಯಾಕಪ್ ನಿಜವಾಗಿ ತೆರೆಯುತ್ತಾ ಅಂತ ಬೇರೆ ಕಡೆ ಹಾಕಿ ನೋಡುವುದು, ಡಿಸ್ಕ್ ತುಂಬಿದಾಗ ಓಡುವುದು, ಇದಕ್ಕೆಲ್ಲ ತಿಂಗಳಿಗೆ ಮೂರು ದಿನ ಹಿಡಿಯುತ್ತದೆ. ಇಲ್ಲಿ 30,000 ಸಂಬಳದ ಹುಡುಗನ ಮೂರು ದಿನ ಅಂದರೆ 3,600 ರೂಪಾಯಿ. ಕಟ್ಟುವ ಖರ್ಚು ಬರೆಯುವಾಗ ಮೊದಲ ಸಲ ಕಟ್ಟಿದ ಸಂಬಳವನ್ನಷ್ಟೇ ಬರೆದು ಈ ಮೂರು ದಿನ ಬಿಟ್ಟರೆ, ಕಟ್ಟೋದೇ ಯಾವಾಗಲೂ ಗೆಲ್ಲುತ್ತದೆ.

ಎಸ್ಸೆಮ್ಮೆಸ್ ಕೊಳ್ಳುವಾಗ ಒಂದು ಎಚ್ಚರ. ವಿದೇಶಿ ಲಾಗಿನ್ ಸೇವೆಗಳು ಬಳಕೆದಾರರಿಗೆ ಉಚಿತ ಅಂದರೂ ಓಟಿಪಿಯನ್ನು ಅಂತರರಾಷ್ಟ್ರೀಯ ಮಾರ್ಗದಲ್ಲಿ ಕಳಿಸಿದರೆ ಒಂದಕ್ಕೆ ಕೆಲವು ರೂಪಾಯಿ ಬೀಳುತ್ತದೆ. ಡಿಎಲ್‌ಟಿ, ಅಂದರೆ ಎಸ್ಸೆಮ್ಮೆಸ್ ಕಳಿಸುವವರು ಟೆಲಿಕಾಂ ಕಂಪನಿಗಳಲ್ಲಿ ಮಾಡಿಸುವ ನೋಂದಣಿ, ಮಾಡಿಸಿ ದೇಶದೊಳಗಿನ ಮಾರ್ಗದಲ್ಲಿ ಕಳಿಸಿದರೆ ಪೈಸೆ ಲೆಕ್ಕದಲ್ಲಿ ಮುಗಿಯುತ್ತದೆ. ನೋಂದಣಿಗೆ ಸಮಯ ಹಿಡಿಯುತ್ತದೆ, ಸಂದೇಶದ ಒಕ್ಕಣೆ ಒಪ್ಪಿಗೆ ಪಡೆದ ಟೆಂಪ್ಲೇಟ್‌ಗೆ ಸರಿಯಾಗಿ ಹೊಂದದಿದ್ದರೆ ಅದು ಹೋಗುವುದೇ ಇಲ್ಲ. ಪ್ಲ್ಯಾನ್‌ನಲ್ಲಿ ಇದಕ್ಕೆ ದಿನ ಇಟ್ಟುಕೊಳ್ಳಿ.

ಉಚಿತ ಕ್ಲೌಡ್ ಕ್ರೆಡಿಟ್ ಸಿಕ್ಕರೆ ತಗೊಳ್ಳಿ, ಆದರೆ ಖರ್ಚಿನ ಕಾಲಂನಲ್ಲಿ ಕಳೆಯಬೇಡಿ. ಅದಕ್ಕೆ ಅವಧಿ ಇರುತ್ತದೆ.

ನಾವು ಬ್ಯಾಂಕಿಗೆ ಕೊಟ್ಟ ಪ್ಲ್ಯಾನ್‌ನಲ್ಲಿ ಕ್ಲೌಡ್ ಖರ್ಚನ್ನು ತಿಂಗಳ ಮೊತ್ತವಾಗಿ ಬರೆಯಲಿಲ್ಲ. ಅಂಗಡಿಗೆ ದಿನಕ್ಕೆ ಎಷ್ಟು ಲಾಟ್, ಫೋಟೋ ಎಷ್ಟು ಕೆಬಿ, ಎಷ್ಟು ಸಲ ತೆರೆಯುತ್ತಾರೆ, ಡಾಲರ್ ಎಷ್ಟು ಅಂತ ನಾಲ್ಕು ಊಹೆ ಬರೆದು, ಅಕ್ಟೋಬರ್ ನಂತರದ ಸೀಸನ್ ತಿಂಗಳಿಗೂ ಬೇಸಿಗೆ ತಿಂಗಳಿಗೂ ಬೇರೆಬೇರೆ ಲೆಕ್ಕ ಕೊಟ್ಟೆವು. ಲಾಟ್ ಎರಡು ಪಟ್ಟು ಆದರೆ ಏನು ಅಂತ ಮ್ಯಾನೇಜರ್ ಕೇಳಿದಾಗ ಒಂದು ಅಂಕಿ ಬದಲಿಸಿ ತೋರಿಸಲು ಆಯಿತು. ನಾವಿಬ್ಬರೇ ಇರುವುದು, ಕೈಯಲ್ಲಿ ಇರುವುದು ಸಣ್ಣ ಸಾಲ, ತಿಂಗಳ ಬಿಲ್ ಮೊದಲೇ ಗೊತ್ತಿದ್ದರೆ ನಮಗೆ ನಿದ್ದೆ ಬರುತ್ತದೆ. ಅಂಗಡಿಗಳು ಮುನ್ನೂರು ನಾನೂರು ಆಗಿ ಒಂದು ಸರ್ವರ್ ಸಾಲದೆ ಬಂದ ದಿನ, ಎಂಡ್‌ಪಾಯಿಂಟ್ ಹಾಕಿಕೊಂಡೇ ಎರಡನೆಯ ದಾರಿಗೆ ಹೋಗುತ್ತೇವೆ.