ಚೌಕುಳಿ ಬ್ಲೌಸನ್ನು ಫೋಟೋದಲ್ಲೇ ತೋರಿಸಲು: ಫೋನ್ ಆ್ಯಪ್‌ಗಿಂತ ನನಗೆ GIMP ಮೇಲು

ಬದಿಯಡ್ಕದಲ್ಲಿ ನನ್ನದು ಸಣ್ಣ ಬೊಟಿಕ್. ಗಿರಾಕಿಯ ಫೋಟೋದ ಮೇಲೆ ಹೊಸ ಬಟ್ಟೆ ತೋರಿಸಲು ಮೊದಲು ತಿಂಗಳ ದುಡ್ಡು ಕಟ್ಟುವ ಎಐ ಆ್ಯಪ್ ತಗೊಂಡೆ, ಈಗ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ, ಪುಕ್ಕಟೆ ಸಿಗುವ GIMP ತಂತ್ರಾಂಶಕ್ಕೆ ಬಂದಿದ್ದೇನೆ. ಚೌಕುಳಿಯಂಥ ಬಟ್ಟೆಗೆ ಇನ್ನು ವಾಪಸ್ ಹೋಗುವುದಿಲ್ಲ.

ಪೆರ್ಲದಿಂದ ಬಂದವರೊಬ್ಬರು ಒಂದು ಇಂಚಿನ ಚೌಕುಳಿ ಕಾಟನ್ ತಂದಿದ್ದರು. ಪ್ರಿನ್ಸೆಸ್ ಕಟ್ ಬೇಕು ಅಂದರು. ಆ್ಯಪ್ ಅರ್ಧ ನಿಮಿಷದಲ್ಲಿ ಚೆಂದದ ಚಿತ್ರ ಕೊಟ್ಟಿತು, ಅವರೂ ಒಪ್ಪಿದರು. ಹೊಲಿದ ಮೇಲೆ, "ಅಕ್ಕಾ, ಅದರಲ್ಲಿ ಚೌಕ ಇಷ್ಟು ದೊಡ್ಡದಿರಲಿಲ್ಲ ಅಲ್ವಾ?" ಅಂದರು. ಸರಿಯೇ. ಆ್ಯಪ್ ನಮ್ಮ ಬಟ್ಟೆಯನ್ನು ಅಂಟಿಸಿರಲಿಲ್ಲ, ಅದರಂತೆ ಕಾಣುವ ಬೇರೆಯದನ್ನೇ ಬರೆದಿತ್ತು. ಚೌಕ ಅರ್ಧದಷ್ಟು ಚಿಕ್ಕದಾಗಿತ್ತು, ಪ್ರಿನ್ಸೆಸ್ ಹೊಲಿಗೆಯ ಮೇಲೂ ಗೆರೆ ತುಂಡಾಗದೆ ಹೋಗಿತ್ತು. ನಿಜದಲ್ಲಿ ಎದೆಯ ಭಾಗದಲ್ಲಿ ಪಟ್ಟಿಗಳು ಬಾಗುತ್ತವೆ, ಅಲ್ಲಿ ಗೆರೆಗೆ ಗೆರೆ ಸೇರುವುದಿಲ್ಲ. ಹೊಸ ಬಟ್ಟೆ ತಂದು ಇನ್ನೊಂದು ಹೊಲಿದು ಕೊಟ್ಟೆ.

ಅದೇ ಫೋಟೋವನ್ನು GIMPನಲ್ಲಿ ಮಾಡಿ ನೋಡಿದೆ. ಬಟ್ಟೆಯನ್ನು ನೆಲದಲ್ಲಿ ಹಾಸಿ, ಪಕ್ಕದಲ್ಲಿ ಟೇಪ್ ಇಟ್ಟು, ನೇರ ಮೇಲಿನಿಂದ ಫೋಟೋ ತೆಗೆದೆ. ಅದರಲ್ಲಿ ಒಂದು ಇಂಚು 100 ಪಿಕ್ಸೆಲ್ ಇತ್ತು. ಗಿರಾಕಿಯ ಫೋಟೋದಲ್ಲಿ ನಾನು ಮೊದಲು ಭುಜದ ಅಗಲ ಅಳೆದೆ, ಅದು ತಪ್ಪಾಯಿತು. ಅವರು ಸ್ವಲ್ಪ ತಿರುಗಿ ನಿಂತಿದ್ದರು, ತಿರುಗಿದರೆ ಅಗಲ ಕುಗ್ಗುತ್ತದೆ, ಉದ್ದ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. 14 ಇಂಚಿನ ಬ್ಲೌಸ್ ಉದ್ದ 560 ಪಿಕ್ಸೆಲ್ ಬಂತು, ಅಂದರೆ ಇಂಚಿಗೆ 40. ಹಾಗಾಗಿ ಬಟ್ಟೆಯ ಚಿತ್ರವನ್ನು ಶೇಕಡಾ 40ಕ್ಕೆ ಇಳಿಸಿದೆ.

ಆಮೇಲೆ ನಡುವಿನ ಪೀಸ್, ಪಕ್ಕದ ಪೀಸ್, ತೋಳು, ಎಲ್ಲವನ್ನೂ ಬೇರೆ ಬೇರೆ ಲೇಯರ್ ಮಾಡಿದೆ, ನಾವು ಕತ್ತರಿಸುವ ಹಾಗೇ. `Perspective`ನಿಂದ ದೂರದ ಬದಿಯನ್ನು ಕಿರಿದು ಮಾಡಿ, `Warp Transform`ನಿಂದ ಎದೆಯ ಉಬ್ಬಿಗೆ ತಕ್ಕ ಹಾಗೆ ಗೆರೆಗಳನ್ನು ತಳ್ಳಿದೆ. ತೋಳಿನ ಗೆರೆ ತೋಳಿನ ಉದ್ದಕ್ಕೇ ಹೋಗಬೇಕು, ಮೈಯ ಗೆರೆಯನ್ನೇ ಮುಂದುವರಿಸಿದರೆ ತಕ್ಷಣ ಸುಳ್ಳು ಅಂತ ಗೊತ್ತಾಗುತ್ತದೆ. ಕೊನೆಗೆ ಪ್ರತಿ ಲೇಯರಿನ ಮೋಡ್ `Multiply` ಮಾಡಿದರೆ ಹಳೆಯ ಬ್ಲೌಸಿನ ಸುಕ್ಕು, ನೆರಳು ಹೊಸ ಬಟ್ಟೆಯ ಮೇಲೆ ಬರುತ್ತದೆ. ಅದಕ್ಕೇ ಈಗ ಬಿಳಿ ಅಥವಾ ತೆಳು ಬಣ್ಣದ ಸಾದಾ ಬ್ಲೌಸ್ ಹಾಕಿಕೊಂಡು ನಿಲ್ಲಿ ಅನ್ನುತ್ತೇನೆ. ಗಾಢ ಬಣ್ಣವಿದ್ದರೆ ಎಲ್ಲ ಕಪ್ಪಾಗುತ್ತದೆ, ಪ್ರಿಂಟ್ ಇದ್ದರೆ ಅದೂ ಇಣುಕುತ್ತದೆ.

ಸಮಯ ಮಾತ್ರ ಜಾಸ್ತಿ, ನನಗೆ ಒಂದಕ್ಕೆ 40 ನಿಮಿಷ. ಫಿಟ್ಟಿಂಗ್ ಎರಡರಲ್ಲೂ ಗೊತ್ತಾಗುವುದಿಲ್ಲ.

ಸಾದಾ ಬಟ್ಟೆಗೆ ಕುತ್ತಿಗೆಯ ಆಕಾರ ತೋರಿಸಬೇಕಾದರೆ ಆ್ಯಪ್ ಸಾಕು. ಚೌಕುಳಿ, ಪಟ್ಟಿ, ಅಂಚು ಇರುವ ಬಟ್ಟೆಗೆ ನಾನು GIMP ತೆರೆಯುತ್ತೇನೆ. ಎರಡನೇ ಸಲ ಹೊಲಿದು ಕೊಟ್ಟ ಆ ಬ್ಲೌಸಿನ ಖರ್ಚು ಆ್ಯಪಿನ ಎರಡು ತಿಂಗಳ ದುಡ್ಡಿಗಿಂತ ಜಾಸ್ತಿಯಾಗಿತ್ತು.